ಕೋಥರೂಡ್ ಶಾಖೆಯ ಎಕ್ಸೆಲ್ ಲೆಕ್ಕ: ಪರಿಶೀಲನೆ ಎಲ್ಲಿಗೆ ಬಂತು

ಮಾಟುಂಗಾದ ಉಡುಪಿ ಹೋಟೆಲೊಂದು ಪುಣೆಯ ಕೋಥರೂಡಿನಲ್ಲಿ ಶಾಖೆ ತೆರೆಯಲು ಬ್ಯಾಂಕಿಗೆ ಕೊಡಬೇಕಾದ ಲೆಕ್ಕವಿದು. ಒಟ್ಟು 60 ತಿಂಗಳು, ತಿಂಗಳಿಗೊಂದು ಕಾಲಮ್, `F` ಇಂದ `BM` ತನಕ. ಅಡುಗೆಮನೆಯ ಉಪಕರಣಗಳಿಗೆ 40 ಲಕ್ಷ, ಸಾಲ 60 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 12, ಬಾಡಿಗೆ ತಿಂಗಳಿಗೆ 2,50,000, ಪ್ರತಿವರ್ಷ ಶೇ. 5 ಏರಿಕೆ. ಬ್ಯಾಲೆನ್ಸ್ ಶೀಟಿನ ಕೆಳಗೆ ಅರವತ್ತೂ ಕಾಲಮ್‌ಗಳಲ್ಲಿ ಹಸಿರು ಬಣ್ಣದ `OK`. ಅನುಮಾನ ಶುರುವಾಗಬೇಕಾದದ್ದು ಅಲ್ಲಿಂದಲೇ.

ಮೊದಲ ಸುತ್ತು: ಬೇಕೆಂದೇ ಕೆಡಿಸಿ ನೋಡುವುದು

ಫೈಲಿನ ಪ್ರತಿಯೊಂದನ್ನು ತೆಗೆದಿಟ್ಟುಕೊಂಡು, ಲಾಭ-ನಷ್ಟದ ಶೀಟಿನಲ್ಲಿ 10ನೇ ತಿಂಗಳ ಸಂಬಳಕ್ಕೆ 1,00,000 ಸೇರಿಸಿದೆವು. ಈ ಮಾದರಿಯಲ್ಲಿ ನಗದು ಹರಿವು ಲಾಭದಿಂದ ಇಳಿದು ಬರುವುದಿಲ್ಲ. ಸಂಬಳ, ಬಾಡಿಗೆ, ಖರೀದಿಯ ಶೀಟುಗಳಿಂದ ನೇರವಾಗಿ ಬರುತ್ತದೆ. ಹಾಗಾಗಿ ಲಾಭ-ನಷ್ಟದಲ್ಲಿ ಮಾತ್ರ ಸಂಬಳ ಏರಿದರೆ ಬ್ಯಾಲೆನ್ಸ್ ಶೀಟ್ ತಾಳೆ ತಪ್ಪಲೇಬೇಕು. `OK` ಕದಲಲಿಲ್ಲ.

ಚೆಕ್ ಸಾಲಿನ ಸೂತ್ರ ಹೀಗಿತ್ತು, 58ನೇ ಸಾಲು ಆಸ್ತಿಯ ಒಟ್ಟು ಮೊತ್ತ, 92ನೇ ಸಾಲು ಹೊಣೆ ಮತ್ತು ಬಂಡವಾಳದ ಒಟ್ಟು ಮೊತ್ತ:

```
=IFERROR(IF(ROUND(F58-F92,-3)=0,"OK","CHECK"),"OK")
```

ಇದರಲ್ಲಿ ಎರಡು ದೋಷಗಳಿವೆ. `ROUND(...,-3)` ಸಾವಿರಕ್ಕೆ ಸರಿಹೊಂದಿಸುವುದರಿಂದ ಐನೂರು ರೂಪಾಯಿಗಿಂತ ಕಡಿಮೆ ವ್ಯತ್ಯಾಸವೆಲ್ಲ ಮಾಯ. ಅದಕ್ಕಿಂತ ಕೆಟ್ಟದ್ದು `IFERROR`: ಮೇಲೆ ಎಲ್ಲೋ `#REF!` ಬಂದರೂ ಇಲ್ಲಿ `OK` ಎಂದೇ ಬರುತ್ತದೆ. ಚೆಕ್ ಸಾಲಿನಲ್ಲಿ `IFERROR` ಕಂಡರೆ ಬೇರೇನೂ ನೋಡದೆ ಅದನ್ನು ಮೊದಲು ಕಿತ್ತುಹಾಕಬೇಕು.

ಆದರೆ ನಾವು ಸೇರಿಸಿದ್ದು ಒಂದು ಲಕ್ಷ, ಅದು ಐನೂರರ ಅಡಿ ಅಡಗುವ ಮೊತ್ತವಲ್ಲ. ಅದನ್ನು ನುಂಗಿದ್ದು 55ನೇ ಸಾಲು, ‘ಇತರೆ ಚಾಲ್ತಿ ಆಸ್ತಿ’:

```
=F92-SUM(F50:F54)-F56-F57
```

ಹೊಣೆ ಮತ್ತು ಬಂಡವಾಳದ ಒಟ್ಟು ಮೊತ್ತದಿಂದ ಉಳಿದ ಆಸ್ತಿಗಳನ್ನೆಲ್ಲ ಕಳೆದು, ಬಾಕಿ ಎಷ್ಟಿದೆಯೋ ಅಷ್ಟನ್ನೂ ‘ಇತರೆ’ ಎಂದು ಇಟ್ಟಿದ್ದಾರೆ. ಇಂಥ ಸಾಲಿದ್ದ ಮೇಲೆ ಬ್ಯಾಲೆನ್ಸ್ ಶೀಟ್ ತಾಳೆಯಾಗದೆ ಇರಲು ಸಾಧ್ಯವೇ ಇಲ್ಲ. ಪಂಚಾಂಗವನ್ನು ಮದುವೆಯ ತಾರೀಕಿಗೆ ತಕ್ಕಂತೆ ಬರೆದ ಹಾಗೆ. ಆಸ್ತಿ ಕಡೆಯ ಒಂದು ಸಾಲಿನ ಸೂತ್ರ ಹೊಣೆಯ ಒಟ್ಟು ಮೊತ್ತವನ್ನು ಮುಟ್ಟುತ್ತಿದೆಯೇ ಎಂದು ತಿಳಿಯಲು ಒಟ್ಟು ಮೊತ್ತದ ಸೆಲ್ ಮೇಲೆ ನಿಂತು `Trace Dependents` ಒತ್ತಿದರೆ ಸಾಕು.

ಎರಡನೇ ಸುತ್ತು: ವ್ಯತ್ಯಾಸ ಏನು ಹೇಳುತ್ತದೆ

ಸಂಬಳಕ್ಕೆ ಸೇರಿಸಿದ್ದನ್ನು ತೆಗೆದು, 55ನೇ ಸಾಲನ್ನು ಸೊನ್ನೆ ಮಾಡಿದಾಗ ನಿಜವಾದ ವ್ಯತ್ಯಾಸ ಹೊರಬಂತು. ಸೂತ್ರ ಹುಡುಕಲು ಹೋಗುವ ಮುನ್ನ ಆ ವ್ಯತ್ಯಾಸದ ಸಾಲನ್ನು ಎಡದಿಂದ ಬಲಕ್ಕೆ ಒಮ್ಮೆ ಓದಬೇಕು. ಮೊದಲ ತಿಂಗಳು ಸೊನ್ನೆ. 2ನೇ ತಿಂಗಳಿಂದ −7,20,000, ಅದು 24ರ ತನಕ ಒಂದೇ ಸಮ. 25ರಿಂದ ತಿಂಗಳಿಗೆ 13,125ರಂತೆ ಹಿಗ್ಗುತ್ತ, 36ನೇ ತಿಂಗಳಲ್ಲಿ −8,77,500ಕ್ಕೆ ಬಂದು ನಿಲ್ಲುತ್ತದೆ.

ಒಂದು ತಿಂಗಳಲ್ಲಿ ಹುಟ್ಟಿ ಹಾಗೆಯೇ ಉಳಿದರೆ ಅದು ಒಂದೇ ಬಾರಿಯ ವ್ಯವಹಾರ. ತಿಂಗಳು ತಿಂಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿದರೆ ಅದು ಮಾಸಿಕ ಖರ್ಚು ಅಥವಾ ಆದಾಯ. ಗೊತ್ತಿರುವ ಮೊತ್ತವೊಂದರ ಸರಿಯಾಗಿ ಎರಡು ಪಟ್ಟು ಬಂದರೆ, ಹೆಚ್ಚಾಗಿ ಪ್ಲಸ್ ಇರಬೇಕಾದಲ್ಲಿ ಮೈನಸ್ ಇರುತ್ತದೆ.

7,20,000 ಎಂದರೆ 40 ಲಕ್ಷಕ್ಕೆ ಶೇ. 18 ಜಿಎಸ್‌ಟಿ. ನಗದು ಶೀಟಿನಲ್ಲಿ ಉಪಕರಣಕ್ಕೆ 47.2 ಲಕ್ಷ ಹೋಗಿದೆ, ಸ್ಥಿರಾಸ್ತಿಯಲ್ಲಿ 40 ಲಕ್ಷ ಮಾತ್ರ ಕೂತಿದೆ. ತೆರಿಗೆ ಶೀಟು ಉಳಿದ ಹಣವನ್ನು ‘ವಾಪಸು ಬರಬೇಕಾದ ಇನ್‌ಪುಟ್ ಕ್ರೆಡಿಟ್’ ಎಂದು ತೋರಿಸುತ್ತದೆ, ಆದರೆ ಅದು ಬ್ಯಾಲೆನ್ಸ್ ಶೀಟಿಗೆ ಜೋಡಣೆಯಾಗಿಲ್ಲ. ಜೋಡಿಸಿಬಿಟ್ಟರೆ ತಾಳೆಯೇನೋ ಆಗುತ್ತದೆ, ಲೆಕ್ಕ ಮಾತ್ರ ತಪ್ಪೇ. ಇಂಥ ಹೋಟೆಲಿನ ಊಟ-ತಿಂಡಿಗೆ ಶೇ. 5 ಜಿಎಸ್‌ಟಿ, ಅದರ ಜೊತೆಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಆ 7.2 ಲಕ್ಷ ವಾಪಸು ಬರುವ ಹಣವಲ್ಲ, ಉಪಕರಣದ ಬೆಲೆಯ ಭಾಗ. ಸ್ಥಿರಾಸ್ತಿಯನ್ನು 47.2 ಲಕ್ಷ ಮಾಡಿದೆವು. ಮಾದರಿಯಲ್ಲಿರುವ 10 ವರ್ಷದ ಅವಧಿಗೆ ಸವಕಳಿ ತಿಂಗಳಿಗೆ 33,333 ಇದ್ದದ್ದು 39,333 ಆಯಿತು.

13,125 ಬಾಡಿಗೆಯದು. ಎರಡನೇ ವರ್ಷದ ಬಾಡಿಗೆ 2,62,500, ಅದರ ಶೇ. 5 ಸರಿಯಾಗಿ 13,125. ಲಾಭ-ನಷ್ಟದ ಬಾಡಿಗೆ ಸಾಲನ್ನು `F` ಇಂದ `BM` ತನಕ ಆಯ್ದು `Ctrl+\` ಒತ್ತಿದಾಗ `AD` ಇಂದ `AO` ತನಕದ ಹನ್ನೆರಡು ಸೆಲ್‌ಗಳು ಮಾತ್ರ ಆಯ್ಕೆಯಾಗಿ ಉಳಿದವು. ಅಕ್ಕಪಕ್ಕದಲ್ಲಿ `=Rent!F8` ಥರದ ಸೂತ್ರ, ಇವುಗಳಲ್ಲಿ ಬರಿಯ `262500`. ಮೂರನೇ ವರ್ಷ ಏರಿಕೆ ಬೇಡವೆಂದು ಮಾಲೀಕರು ಒಪ್ಪಿದರೆ ಹೇಗಿರುತ್ತದೆಂದು ನೋಡಲು ಯಾರೋ ಕೈಯಿಂದ ಹಾಕಿ ಹಾಗೆಯೇ ಬಿಟ್ಟಂತಿದೆ. ಅಂಥ ಪ್ರಯೋಗಕ್ಕೆ ಊಹೆಗಳ ಶೀಟಿನಲ್ಲೇ ಒಂದು ಸ್ವಿಚ್ ಸೆಲ್ ಇರಬೇಕು. ಬಾಡಿಗೆ ಶೀಟಿನ ಸೂತ್ರ ಇದು, 4ನೇ ಸಾಲಿನಲ್ಲಿರುವುದು ತಿಂಗಳ ಸಂಖ್ಯೆ:

```
=Rent_Base*(1+Rent_Esc)^INT((F$4-1)/12)
```

`Ctrl+\` ಬಳಸುವಾಗ ಒಂದು ಎಚ್ಚರ. ಅದು ಹೋಲಿಸುವುದು ಆಯ್ಕೆ ಶುರುವಾದ ಸೆಲ್‌ನೊಂದಿಗೆ. ಸಾಲದ ಆರಂಭಿಕ ಬಾಕಿಯಂಥ ಸಾಲಿನಲ್ಲಿ ಮೊದಲ ಸೆಲ್‌ನ ಸೂತ್ರವೇ ಬೇರೆ, ಅಲ್ಲಿಂದ ಆಯ್ದರೆ ಉಳಿದದ್ದೆಲ್ಲ ತಪ್ಪೆಂದು ತೋರುತ್ತದೆ. ಅಂಥ ಕಡೆ `G` ಇಂದ ಆಯ್ದುಕೊಳ್ಳಬೇಕು.

ನಗದು ಹರಿವು ಲಾಭದಿಂದಲೇ ಇಳಿಯುವ ಮಾದರಿಯಾಗಿದ್ದರೆ ಈ ಬಾಡಿಗೆ ತಪ್ಪು ತಾಳೆಯಲ್ಲಿ ಸಿಗುತ್ತಲೇ ಇರಲಿಲ್ಲ, ಎರಡೂ ಕಡೆ ಒಂದೇ ತಪ್ಪು ಅಂಕಿ ಹೋಗುತ್ತಿತ್ತು. ಅಲ್ಲಿ `Ctrl+\` ಥರದ ಹುಡುಕಾಟವೇ ದಾರಿ.

ಮೂರನೇ ಸುತ್ತು: ಯಾವ ಚೆಕ್ಕಿಗೂ ಸಿಗದ್ದು

ಊಹೆಗಳ ಶೀಟಿನಲ್ಲಿ ‘ಬಾಡಿಗೆ 2,50,000’ ಎಂದಷ್ಟೇ ಇತ್ತು. ಪಕ್ಕದಲ್ಲಿ ಘಟಕ, ಮೂಲ, ತಾರೀಕು ಎಂಬ ಕಾಲಮ್‌ಗಳನ್ನು ಸೇರಿಸಿ, ಮೂಲ ತುಂಬಲು ಲೀವ್ ಅಂಡ್ ಲೈಸೆನ್ಸ್ ಕರಾರಿನ ಕರಡು ತೆಗೆಸಿದಾಗ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಸಿಕ್ಕಿತು. ಜಾಗದ ಮಾಲೀಕರು ನೋಂದಾಯಿತರಲ್ಲದಿದ್ದರೂ ತಪ್ಪಿಸಿಕೊಳ್ಳುವಂತಿಲ್ಲ: 2024ರ ಅಕ್ಟೋಬರ್ 10ರಿಂದ ವಾಣಿಜ್ಯ ಜಾಗದ ಬಾಡಿಗೆಗೆ ನೋಂದಾಯಿತ ಬಾಡಿಗೆದಾರರೇ ರಿವರ್ಸ್ ಚಾರ್ಜ್‌ನಲ್ಲಿ ಶೇ. 18 ಕಟ್ಟಬೇಕು. ಕ್ರೆಡಿಟ್ ಇಲ್ಲದ್ದರಿಂದ ನಿಜವಾದ ಬಾಡಿಗೆ ಖರ್ಚು 2,95,000. ಸಾಲದ ಕಂತು 1,33,467. ಲೆಕ್ಕದಿಂದ ಬಿಟ್ಟುಹೋದ 45,000 ಅದರ ಮೂರನೇ ಒಂದು ಭಾಗ! ಸಾಲದ ಕಂತು-ಬಡ್ಡಿ ಕಟ್ಟಲು ದುಡಿಮೆ ಎಷ್ಟು ಪಟ್ಟು ಇದೆಯೆಂದು ತೋರಿಸುವ, ಬ್ಯಾಂಕಿನವರ ಕಣ್ಣು ಮೊದಲು ಬೀಳುವ ಡಿಎಸ್‌ಸಿಆರ್ ಅನುಪಾತ ಇಲ್ಲೇ ಇಳಿಯುತ್ತದೆ. ಬ್ಯಾಲೆನ್ಸ್ ಶೀಟ್ ಮಾತ್ರ ಎರಡೂ ಅಂಕಿಗೆ ಅಚ್ಚುಕಟ್ಟಾಗಿ ತಾಳೆಯಾಗುತ್ತದೆ.

ಈಗಿನ ಸ್ಥಿತಿ

55ನೇ ಸಾಲು ಅಳಿಸಿಲ್ಲ, ಸೊನ್ನೆಯಾಗಿ ಇಟ್ಟಿದ್ದೇವೆ. ಚೆಕ್‌ಗಳು 0 ಅಥವಾ 1 ಕೊಡುತ್ತವೆ, ಮುಖಪುಟದಲ್ಲಿ ಅವುಗಳ ಮೊತ್ತ ಕಾಣುತ್ತದೆ:

```
=IF(ABS(F58-F92)<1,0,1)
```

ಒಂದು ರೂಪಾಯಿಯ ಸಡಿಲ ಸಾಕು, ದಶಾಂಶದ ತುಣುಕುಗಳು ಅದರಾಚೆ ಹೋಗುವುದಿಲ್ಲ. ಸಾಲಕ್ಕೆ ಇನ್ನೊಂದು ಚೆಕ್: 60ನೇ ತಿಂಗಳ ಬಾಕಿ ಸೊನ್ನೆಯಾಗಬೇಕು. ಬಡ್ಡಿ ದರವನ್ನು 0 ಮಾಡಿದಾಗ ಕಂತು ಸರಿಯಾಗಿ 1,00,000ಕ್ಕೆ ಬಂತು. ಸಂಬಳಕ್ಕೆ ಮತ್ತೆ ಒಂದು ಲಕ್ಷ ಸೇರಿಸಿದಾಗ 10ನೇ ತಿಂಗಳಿಂದ ಮುಂದಿನ ಕಾಲಮ್‌ಗಳೆಲ್ಲ ಕೆಂಪಾದವು.

ಬಾಕಿ ಇರುವುದು ದಾಸ್ತಾನು ಮತ್ತು ಡಿಪಾಸಿಟ್‌ನ ಸಾಲುಗಳು. ದಿನದ ಗಿರಾಕಿಗಳ ಸಂಖ್ಯೆಗೆ ಮೂಲವೆಂದು ‘ಅಂದಾಜು’ ಎಂದು ಬರೆದಿದ್ದಾರೆ. ಮಾಟುಂಗಾದ ಗಲ್ಲಾದ ಬಿಲ್ ಲೆಕ್ಕ ಕೈಗೆ ಬರುವ ತನಕ ಆ ಸೆಲ್ ಹಳದಿಯಾಗಿಯೇ ಇರುತ್ತದೆ.