ಒಂದು ಕೋರ್ಸ್ ಪುಟವನ್ನು ಮತ್ತೆ ಬರೆದ ದಿನ

ಪುಟ ತೆರೆದ ಕೂಡಲೇ ಕಾಣುತ್ತಿದ್ದದ್ದು ಇಷ್ಟು. ಮೇಲೆ ‘ಎಕ್ಸೆಲ್ ಸಂಪೂರ್ಣ ಕೋರ್ಸ್’ ಎಂಬ ಹೆಸರು, ಅದರ ಕೆಳಗೆ ‘12 ಮಾಡ್ಯೂಲ್, 64 ವಿಡಿಯೊ, 9 ಗಂಟೆ’ ಎಂಬ ಸಾಲು, ಆಮೇಲೆ ಉದ್ದಕ್ಕೂ ಪಟ್ಟಿ. ಮಾಡ್ಯೂಲ್ 1 ಎಕ್ಸೆಲ್ ಪರಿಚಯ, 4 ಲುಕಪ್ ಫಾರ್ಮುಲಾಗಳು, 7 ಪವರ್ ಕ್ವೆರಿ, 8 ಡೇಟಾ ಕ್ಲೀನಿಂಗ್, 9 ಪಿವೊಟ್ ಟೇಬಲ್, 12 ಡ್ಯಾಶ್‌ಬೋರ್ಡ್. ಕೊನೆಯಲ್ಲಿ ಬೆಲೆ, ‘ಈಗಲೇ ಸೇರಿ’ ಎಂಬ ಬಟನ್. ಪಾಠಗಳು ನಿಜಕ್ಕೂ ಚೆನ್ನಾಗಿದ್ದವು. ಆದರೆ ಇದು ಯಾರಿಗಾಗಿ, ಮುಗಿಸಿದವರ ಕೈಗೆ ಏನು ಬರುತ್ತದೆ ಎಂಬ ಒಂದು ಮಾತೂ ಪುಟದಲ್ಲಿ ಇರಲಿಲ್ಲ.

ಹೀಗಾಗುವುದಕ್ಕೆ ಕಾರಣ ಸರಳ. ಕೋರ್ಸ್ ಮಾಡಿದ ಮೇಷ್ಟ್ರು ಈ ಪುಟವನ್ನು ಬರೆದದ್ದು ರೆಕಾರ್ಡಿಂಗ್ ಮುಗಿದ ವಾರ. ಆಗ ಅವರ ತಲೆಯಲ್ಲಿ ಇದ್ದದ್ದು ತಾವು ಪಟ್ಟ ಶ್ರಮದ ಲೆಕ್ಕ: ಎಷ್ಟು ವಿಡಿಯೊ, ಯಾವ ಯಾವ ವಿಷಯ, ಯಾವ ಕ್ರಮದಲ್ಲಿ. ಪುಟ ನೋಡಲು ಬಂದವರ ತಲೆಯಲ್ಲಿ ಇರುವುದು ತಮ್ಮ ಮೇಜಿನ ಮೇಲಿನ ಕೆಲಸ. ‘ಮಾಡ್ಯೂಲ್ 7: ಪವರ್ ಕ್ವೆರಿ’ ಎಂಬುದು ಆ ಕೆಲಸಕ್ಕೆ ಎಲ್ಲಿ ತಾಗುತ್ತದೆ ಎಂಬುದನ್ನು ಅವರೇ ಊಹಿಸಿಕೊಳ್ಳಬೇಕಿತ್ತು.

ಮೇಷ್ಟ್ರೂ ನಾನೂ ಕೂತು ಹೊಸ ಪುಟಕ್ಕೆ ಒಂದು ಸಾಲು ಬರೆಯುವ ಮೊದಲೇ ಬೆಳಗಿನ ಎರಡು ತಾಸು ಹಳೆಯ ಪತ್ರಗಳಿಗೆ ಹೋಯಿತು. ಈ ಹಂತವನ್ನು ಬಿಟ್ಟರೆ ಮುಂದಿನದೆಲ್ಲ ಊಹೆಯೇ ಆಗುತ್ತದೆ. ಬೇಕಾದದ್ದು ಮೂರು ಕಡೆಯಿಂದ ಸಿಕ್ಕಿತು: ಸೇರುವ ಮೊದಲು ಜನ ಕೇಳಿದ ಪ್ರಶ್ನೆಗಳು, ಸೇರಿದಾಗ ‘ಯಾಕೆ ಸೇರುತ್ತಿದ್ದೀರಿ’ ಎಂಬ ಫಾರ್ಮಿಗೆ ಕೊಟ್ಟ ಉತ್ತರಗಳು, ದುಡ್ಡು ವಾಪಸ್ ಕೇಳಿದವರು ಹೇಳಿದ ಕಾರಣಗಳು. ಒಟ್ಟು 41 ಜನರ ಮಾತು. ಒಂದು ಶೀಟಿನಲ್ಲಿ ಮೂರು ಕಾಲಂ ಹಾಕಿಕೊಂಡೆವು: ಯಾರು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಏನಾಗಬೇಕು ಅನ್ನುತ್ತಾರೆ. ಪತ್ರದ ಮಾತನ್ನು ತಿದ್ದದೆ ಹಾಗೆಯೇ ಇಳಿಸಬೇಕು. ‘ಪ್ರತಿ ತಿಂಗಳ ಒಂದನೇ ತಾರೀಖು ಎಂಟು ಬ್ರಾಂಚಿನ ಫೈಲ್ ಕಾಪಿ ಪೇಸ್ಟ್ ಮಾಡೋದೇ ಕೆಲಸ’ ಎಂದು ಒಬ್ಬರು ಬರೆದಿದ್ದರು. ಅದನ್ನು ‘ಡೇಟಾ ಕ್ರೋಡೀಕರಣದ ಸಮಸ್ಯೆ’ ಎಂದು ಬರೆದುಕೊಂಡರೆ ಆ ಮಾತಿನ ಜೀವವೇ ಹೋಗುತ್ತದೆ, ಪುಟಕ್ಕೆ ಬಳಸಲು ಏನೂ ಉಳಿಯುವುದಿಲ್ಲ.

ವಿಂಗಡಿಸಿದ ಮೇಲೆ ಚಿತ್ರ ಸ್ಪಷ್ಟವಾಯಿತು. 23 ಜನರದು ಒಂದೇ ಕಥೆ: ಬೇರೆ ಬೇರೆ ಕಡೆಯಿಂದ ಬಂದ ಫೈಲ್‌ಗಳನ್ನು ಸೇರಿಸಿ ತಿಂಗಳ ವರದಿ ಕಟ್ಟುವುದು. 9 ಜನ ಎಕ್ಸೆಲ್ ಅನ್ನೇ ತೆರೆಯದವರು. 5 ಜನಕ್ಕೆ ಬೇಕಾದದ್ದು ಮ್ಯಾಕ್ರೊ, ಅದು ಈ ಕೋರ್ಸಿನಲ್ಲಿ ಇಲ್ಲವೇ ಇಲ್ಲ. ಉಳಿದ 4 ಬಿಡಿಬಿಡಿ. ದುಡ್ಡು ವಾಪಸ್ ಕೇಳಿದ್ದ 6 ಜನರಲ್ಲಿ 4 ಮಂದಿ ಆ ಹೊಸಬರ ಗುಂಪಿನವರು, ಇಬ್ಬರು ಹಳೆಯ ಎಕ್ಸೆಲ್ ಇಟ್ಟುಕೊಂಡವರು. ‘ಸಂಪೂರ್ಣ’ ಎಂಬ ಒಂದೇ ಪದ ಈ ಎಲ್ಲರನ್ನೂ ಒಳಗೆ ಕರೆದು, ಕೆಲವರನ್ನು ಬರಿಗೈಯಲ್ಲಿ ಕಳುಹಿಸಿತ್ತು.

ನಂತರ ತಲೆಬರಹ. ಮೊದಲು ಬಂದದ್ದು ‘ಎಕ್ಸೆಲ್ ಕಲಿಯಿರಿ, ವೃತ್ತಿಯಲ್ಲಿ ಮುಂದೆ ಬನ್ನಿ’. ಎಕ್ಸೆಲ್ ತೆಗೆದು ಬೇರೆ ಯಾವ ವಿದ್ಯೆಯ ಹೆಸರು ಹಾಕಿದರೂ ಸಾಲು ನಿಲ್ಲುತ್ತದೆ, ಆದ್ದರಿಂದ ಅದನ್ನು ಬಿಟ್ಟೆವು. ಎರಡನೆಯದು ‘ಪವರ್ ಕ್ವೆರಿ ಬಳಸಿ ವರದಿಗಳನ್ನು ಆಟೊಮೇಟ್ ಮಾಡಿ’. ಬೇರೆ ಬೇರೆ ಫೈಲ್‌ಗಳ ಡೇಟಾ ತಂದು ಸೇರಿಸುವ ಎಕ್ಸೆಲ್ ಸೌಲಭ್ಯವೇ ಪವರ್ ಕ್ವೆರಿ, ಆದ್ದರಿಂದ ಇದು ಗುರಿಗೆ ಹತ್ತಿರ ಅನ್ನಿಸಿತು, ಆದರೆ ಆ 23 ಜನರಲ್ಲಿ ಒಬ್ಬರೂ ಪವರ್ ಕ್ವೆರಿ ಎಂಬ ಪದ ಬಳಸಿರಲಿಲ್ಲ. ಕಾಪಿ ಪೇಸ್ಟ್ ಮಾಡಿ ಸುಸ್ತಾದವರಿಗೆ ಪರಿಹಾರದ ಹೆಸರು ಗೊತ್ತಿರುವುದಿಲ್ಲ, ತೊಂದರೆಯ ಹೆಸರು ಮಾತ್ರ ಗೊತ್ತಿರುತ್ತದೆ. ತಲೆಬರಹ ಅವರಿಗೆ ಗೊತ್ತಿರುವ ಕಡೆಯಿಂದಲೇ ಶುರುವಾಗಬೇಕು. ಮೂರನೆಯದು ಹೀಗೆ ನಿಂತಿತು: ‘ಪ್ರತಿ ತಿಂಗಳು ಹಲವು ಫೈಲ್‌ಗಳಿಂದ ಕಾಪಿ ಪೇಸ್ಟ್ ಮಾಡಿ ವರದಿ ಕಟ್ಟುತ್ತೀರಾ? ಹೊಸ ಫೈಲ್‌ಗಳನ್ನು ಫೋಲ್ಡರಿಗೆ ಹಾಕಿ ರಿಫ್ರೆಶ್ ಒತ್ತಿದರೆ ಸಾಕು ಎನ್ನುವಂಥ ವರದಿಯನ್ನು ನೀವೇ ಕಟ್ಟಲು ಕಲಿಯಿರಿ.’

ಮೇಷ್ಟ್ರಿಗೆ ಇಲ್ಲಿ ಅಳುಕು. ‘ಹೀಗೆ ಬರೆದರೆ ಉಳಿದವರು ಬರೋದೇ ಇಲ್ಲವಲ್ಲ?’

‘ಬಂದವರಲ್ಲಿ ವಾಪಸ್ ಹೋದವರು ಯಾರು, ಶೀಟ್ ನೋಡಿ ಸರ್’ ಅಂದೆ. ಆರೂ ಸಾಲುಗಳನ್ನು ಓದಿ ಅವರು ಒಪ್ಪಿದರು.

ಆದರೆ ಈ ತಲೆಬರಹಕ್ಕೂ ಒಂದು ಮಿತಿ ಇದೆ, ಅದನ್ನು ಪುಟದಲ್ಲೇ ಹೇಳಬೇಕು. ಫೋಲ್ಡರಿನ ಫೈಲ್‌ಗಳನ್ನು ಪವರ್ ಕ್ವೆರಿ ಸೇರಿಸುವುದು ಕಾಲಂಗಳ ಹೆಸರು ನೋಡಿ. ಏಳು ಫೈಲ್‌ಗಳಲ್ಲಿ ‘ಮೊತ್ತ’ ಎಂದಿದ್ದು ಎಂಟನೆಯದರಲ್ಲಿ ‘ಒಟ್ಟು’ ಎಂದಿದ್ದರೆ ಎರರ್ ಬರುತ್ತದೆ, ಇಲ್ಲವೇ ಆ ಫೈಲಿನ ಮೊತ್ತ ಖಾಲಿ ಉಳಿಯುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಏಕೆಂದರೆ ವರದಿ ತಯಾರಾದಂತೆಯೇ ಕಾಣುತ್ತದೆ. ಈ ಹೆಸರುಗಳನ್ನು ಹೊಂದಿಸುವುದು ಹೇಗೆ, ಖಾಲಿ ಉಳಿದದ್ದನ್ನು ಪತ್ತೆ ಮಾಡುವುದು ಹೇಗೆ ಎಂಬ ಪಾಠ ಕೋರ್ಸಿನಲ್ಲಿ ಇತ್ತು, ‘ಮಾಡ್ಯೂಲ್ 8: ಡೇಟಾ ಕ್ಲೀನಿಂಗ್’ ಎಂಬ ಹೆಸರಿನ ಹಿಂದೆ. ಇಡೀ ಕೋರ್ಸಿನಲ್ಲಿ ಜನಕ್ಕೆ ಹೆಚ್ಚು ಬೇಕಾದ ಅರ್ಧ ಗಂಟೆ ಅದು, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೂತಿತ್ತು. ಹೊಸ ಪುಟದಲ್ಲಿ ಅದು ‘ಒಬ್ಬರು ಕಾಲಂ ಹೆಸರು ಬದಲಿಸಿ ಕಳುಹಿಸಿದರೂ ವರದಿ ತಪ್ಪದಂತೆ ನೋಡಿಕೊಳ್ಳುವುದು’ ಎಂದಾಯಿತು.

ಉಳಿದ ಮಾಡ್ಯೂಲ್‌ಗಳಿಗೂ ಹೀಗೆಯೇ ಒಂದೇ ಪ್ರಶ್ನೆ ಕೇಳುತ್ತಾ ಹೋದೆವು: ಇದು ಬಂದರೆ ಏನು ಮಾಡಬಹುದು? ಉತ್ತರಕ್ಕೆ ಮತ್ತೆ ಅದೇ ಪ್ರಶ್ನೆ. ಇಲ್ಲಿ ಎಡವುವುದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ. ಲುಕಪ್ ಪಾಠವನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಲಿಸುವ ಫಾರ್ಮುಲಾ ಇದು:

```
=XLOOKUP(A2, Staff!A:A, Staff!B:B, "Not found")
```

ಮೊದಲ ಉತ್ತರ, ‘XLOOKUP ಬಳಸಲು ಬರುತ್ತದೆ’. ಇದು ಮಾಡ್ಯೂಲಿನ ಹೆಸರನ್ನೇ ತಿರುಗಿಸಿ ಹೇಳಿದ್ದು. ಎರಡನೆಯದು, ‘ನೌಕರರ ಐಡಿ ಹಾಕಿದರೆ ಅವರ ಹೆಸರು ಇನ್ನೊಂದು ಶೀಟಿನಿಂದ ತಾನಾಗಿ ಬರುತ್ತದೆ, ಪಟ್ಟಿಯಲ್ಲಿ ಇಲ್ಲದವರು ಯಾರೆಂದೂ ಕಾಣುತ್ತದೆ’. ಮೂರನೆಯದು, ‘ಸಮಯ ಉಳಿಯುತ್ತದೆ’. ನಾಲ್ಕನೆಯದು, ‘ಬಡ್ತಿ ಸಿಗುತ್ತದೆ’. ನಾವು ನಿಂತದ್ದು ಎರಡನೆಯದರಲ್ಲಿ. ಕಲಿತವರು ತಮ್ಮ ಸ್ಕ್ರೀನ್ ತೋರಿಸಿ ‘ಇಗೋ’ ಅನ್ನಬಹುದಾದ ಕೊನೆಯ ಮೆಟ್ಟಿಲು ಅದು. ಅದರಾಚೆಯದನ್ನು ಮೇಷ್ಟ್ರು ಖಾತ್ರಿ ಕೊಡಲಾರರು. ಎಷ್ಟು ಸಮಯ ಉಳಿಯುತ್ತದೆ ಎಂಬುದು ಫೈಲ್‌ಗಳ ಸಂಖ್ಯೆ, ಅವುಗಳ ಸ್ಥಿತಿಯ ಮೇಲೆ ನಿಂತಿದೆ. ಬಡ್ತಿಯಂತೂ ಮೇಲಿನವರ ಕೈಯಲ್ಲಿದೆ. ‘ವಾರಕ್ಕೆ 10 ಗಂಟೆ ಉಳಿಸಿ’ ಎಂಬ ಸಾಲು ಹಳೆಯ ಪುಟದಲ್ಲಿ ಒಂದು ಕಡೆ ಇತ್ತು. ಅಳೆದವರು ಯಾರೂ ಇರಲಿಲ್ಲ, ತೆಗೆದೆವು.

ಊಟದ ನಂತರ ‘ಇದು ಯಾರಿಗಲ್ಲ’ ಎಂಬ ಭಾಗ. ಇದಕ್ಕೆ ವಸ್ತು ಹೆಚ್ಚಾಗಿ ದುಡ್ಡು ವಾಪಸ್ ಕೇಳಿದವರ ಪತ್ರಗಳಲ್ಲೇ ಇತ್ತು. ಎಕ್ಸೆಲ್‌ನಲ್ಲಿ ಕೂಡಿಸುವುದು, ಸಾರ್ಟ್, ಫಿಲ್ಟರ್ ಮಾಡಲು ಬಾರದವರು ಮೊದಲು ಅದನ್ನು ಕಲಿತು ಬರಲಿ. ಮ್ಯಾಕ್ರೊ ಇದರಲ್ಲಿ ಇಲ್ಲ. XLOOKUP ಎಕ್ಸೆಲ್ 2016, 2019ರಲ್ಲಿ ಇಲ್ಲ. ಅಲ್ಲಿ ಟೈಪ್ ಮಾಡಿದರೆ `#NAME?` ಬರುತ್ತದೆ. 2021 ಅಥವಾ ಅದರ ನಂತರದ್ದು, ಇಲ್ಲವೇ ಮೈಕ್ರೋಸಾಫ್ಟ್ 365 ಬೇಕು. ನಿಮ್ಮದು ಯಾವುದೆಂದು ನೋಡಲು `File` ಒತ್ತಿ `Account` ತೆರೆಯಿರಿ. ಪವರ್ ಕ್ವೆರಿ ಮ್ಯಾಕ್‌ನಲ್ಲಿ ವಿಂಡೋಸ್‌ನಷ್ಟು ಪೂರ್ಣವಾಗಿಲ್ಲ, ಪಾಠಗಳೆಲ್ಲ ವಿಂಡೋಸ್‌ನಲ್ಲಿವೆ. ಈ ಭಾಗವನ್ನು ಪುಟದ ತಳದ ಪ್ರಶ್ನೋತ್ತರಕ್ಕೆ ತಳ್ಳುವುದು ವಾಡಿಕೆ. ಬೆಲೆಗಿಂತ ಮೇಲೆ ಇಟ್ಟೆವು. ದುಡ್ಡು ಕಟ್ಟಿದ ಮೇಲೆ ತಿಳಿಯಬೇಕಾದ ಮಾತು ಅಲ್ಲ ಇದು.

ಈ ಉತ್ಸಾಹದಲ್ಲಿ ಒಂದು ತಪ್ಪೂ ಆಯಿತು. ಮಾಡ್ಯೂಲ್ ಪಟ್ಟಿಯೇ ರೋಗದ ಮೂಲ ಎಂಬಂತೆ ಮೊದಲ ಕರಡಿನಿಂದ ಅದನ್ನು ಪೂರ್ತಿ ತೆಗೆದುಬಿಟ್ಟಿದ್ದೆ. ಸಂಜೆ ಮೂವರಿಗೆ ಕರಡನ್ನು ತೋರಿಸಿದಾಗ ಒಬ್ಬರು ಕೇಳಿದ ಮೊದಲ ಪ್ರಶ್ನೆಯೇ ‘ಇದರಲ್ಲಿ ಪಿವೊಟ್ ಟೇಬಲ್ ಇದೆಯಾ?’ ನನಗಾಗಿಯೇ ಇದು ಎಂದು ಒಪ್ಪಿದವರಿಗೆ ಒಳಗೆ ಏನೇನಿದೆ ಎಂದು ಪರೀಕ್ಷಿಸಲು ಪಟ್ಟಿ ಬೇಕೇ ಬೇಕು. ಹಾಗಾಗಿ ಪಟ್ಟಿ ಹಿಂದಿರುಗಿತು, ಆದರೆ ‘ಯಾರಿಗೆ’, ‘ಏನು ಸಿಗುತ್ತದೆ’ಗಳ ಕೆಳಗೆ. ಪ್ರತಿ ಮಾಡ್ಯೂಲಿನ ಎದುರು ಅದು ಮುಗಿದಾಗ ಕೈಯಲ್ಲಿರುವ ಫೈಲ್ ಯಾವುದೆಂದು ಬರೆದೆವು: ಏಳರ ಕೊನೆಗೆ ಎಂಟು ಫೈಲ್ ಸೇರಿದ ಒಂದು ಟೇಬಲ್, ಒಂಬತ್ತರ ಕೊನೆಗೆ ವಿಭಾಗವಾರು ಸಾರಾಂಶ, ಹನ್ನೆರಡರ ಕೊನೆಗೆ ಒಂದೇ ಪುಟದಲ್ಲಿ ಪ್ರಿಂಟ್ ಆಗುವ ವರದಿ. ‘9 ಗಂಟೆ’ ಎಂಬುದು ವಿಡಿಯೊದ ಅವಧಿ ಮಾತ್ರ. ಜೊತೆಗೆ ಮಾಡಿ ನೋಡಲು ಸುಮಾರು ಅಷ್ಟೇ ಹೊತ್ತು ಬೇಕು ಎಂದು ಮೇಷ್ಟ್ರು ಹೇಳಿದ್ದರಿಂದ ‘ವಾರಕ್ಕೆ 3 ಗಂಟೆ ಕೊಟ್ಟರೆ 6 ವಾರ’ ಎಂದು ಬದಲಿಸಿದೆವು.

ಆ ಮೂವರ ಪರೀಕ್ಷೆ ಹೀಗಿತ್ತು. ಅವರವರ ಫೋನಿನಲ್ಲೇ ಪುಟ ತೆರೆದು, ಮೇಲಿನ ಭಾಗವನ್ನು ಮಾತ್ರ ಹತ್ತು ಸೆಕೆಂಡ್ ತೋರಿಸಿ, ಫೋನ್ ಮಗುಚಿಟ್ಟು ಕೇಳುವುದು: ಇದು ಯಾರಿಗೆ? ಮುಗಿದ ಮೇಲೆ ಅವರು ಏನು ಮಾಡಬಲ್ಲರು? ಚೆನ್ನಾಗಿದೆಯಾ ಎಂದು ಕೇಳಲೇಬಾರದು, ಎಲ್ಲರೂ ಹೂಂ ಅನ್ನುತ್ತಾರೆ. ಇಬ್ಬರು ಸರಿಯಾಗಿ ಹೇಳಿದರು. ಮೂರನೆಯವರು ‘ಆಫೀಸಿನವರಿಗೆ ಏನೋ’ ಅಂದರು. ಅವರ ಫೋನ್ ನೋಡಿದರೆ, ಮೇಲಿದ್ದ ಲ್ಯಾಪ್‌ಟಾಪ್ ಚಿತ್ರ ಅರ್ಧ ಪರದೆ ನುಂಗಿ ತಲೆಬರಹದ ಎರಡನೇ ವಾಕ್ಯವನ್ನು ಕೆಳಗೆ ತಳ್ಳಿತ್ತು. ಚಿತ್ರವನ್ನು ತೆಗೆದು, ತಲೆಬರಹದ ಕೆಳಗೆ ಎರಡು ಸ್ಕ್ರೀನ್‌ಶಾಟ್ ಇಟ್ಟೆವು: ಬಿಡಿ ಫೈಲ್‌ಗಳಿರುವ ಫೋಲ್ಡರ್, ಅದರಿಂದ ಬಂದ ವರದಿ.

ಕಲಿತವರ ಮಾತುಗಳು ಇನ್ನೂ ಬಾಕಿ ಇದ್ದವು. ‘ತುಂಬಾ ಚೆನ್ನಾಗಿ ಹೇಳಿಕೊಡ್ತೀರಿ ಸರ್’ ಎಂಬಂಥವು ಹತ್ತಿದ್ದರೂ ಓದುವವರಿಗೆ ಪ್ರಯೋಜನವಿಲ್ಲ. ಮುಗಿಸಿದ ಕೆಲವರಿಗೆ ಎರಡೇ ಪ್ರಶ್ನೆ ಬರೆದು ಕಳುಹಿಸಿದೆವು: ಸೇರುವ ಮೊದಲು ಈ ವರದಿಯನ್ನು ಹೇಗೆ ಮಾಡುತ್ತಿದ್ದಿರಿ, ಈಗ ಹೇಗೆ ಮಾಡುತ್ತೀರಿ? ಉತ್ತರವನ್ನು ಪುಟದಲ್ಲಿ ಹಾಕಲು ಒಪ್ಪಿಗೆಯನ್ನೂ ಅದೇ ಪತ್ರದಲ್ಲಿ ಕೇಳಿದೆವು. ಅವು ಬರುವವರೆಗೆ ಆ ಜಾಗವನ್ನು ಖಾಲಿ ಬಿಟ್ಟದ್ದೇ ಸರಿ.

ಪುಟ ಏರಿಸುವ ಮುನ್ನ ಮೇಷ್ಟ್ರು ಕೇಳಿದ್ದು, ಇದು ಕೆಲಸ ಮಾಡಿತೆಂದು ಗೊತ್ತಾಗುವುದು ಹೇಗೆ? ತಿಂಗಳಿಗೆ 400 ಜನ ನೋಡಿ 8 ಜನ ಸೇರುವ ಪುಟದಲ್ಲಿ ಮುಂದಿನ ತಿಂಗಳು 12 ಜನ ಸೇರಿದರೂ ಅದನ್ನು ಪುಟದ ಗೆಲುವು ಅನ್ನಲಾಗದು. ಇಷ್ಟು ಸಣ್ಣ ಸಂಖ್ಯೆ ಬರೀ ಆಕಸ್ಮಿಕವಾಗಿಯೇ ಅಷ್ಟು ಏರಿಳಿಯುತ್ತದೆ. ಅದಕ್ಕಿಂತ ಬೇಗ ಮಾತಾಡುವುದು ಪತ್ರಗಳು. ‘ನನಗೆ ಇದು ಆಗುತ್ತಾ’, ‘ಮ್ಯಾಕ್ರೊ ಇದೆಯಾ’ ಎಂಬ ಪ್ರಶ್ನೆಗಳು ನಿಲ್ಲಬೇಕು. ‘ನಮ್ಮ ಫೈಲ್‌ಗಳು ಪಿಡಿಎಫ್‌ನಲ್ಲಿ ಬರುತ್ತವೆ, ಆಗುತ್ತಾ’ ಎಂಬಂಥ ತಮ್ಮ ಕೆಲಸಕ್ಕೇ ಅಂಟಿದ ಪ್ರಶ್ನೆಗಳು ಶುರುವಾಗಬೇಕು. ಹಳೆಯ ಪುಟದ ಒಂದು ಪ್ರತಿ ಉಳಿಸಿಕೊಂಡು, ಬೆಳಗಿನ ಆ ಶೀಟಿನಲ್ಲಿ 41ನೇ ಸಾಲಿನ ಕೆಳಗೆ ಅಂದಿನ ತಾರೀಖು ಹಾಕಿ ಗೆರೆ ಎಳೆದೆವು. ಮುಂದಿನ ಪತ್ರಗಳು ಆ ಗೆರೆಯ ಕೆಳಗೆ ಬರುತ್ತವೆ.