‘ಸಹಾಯಧನ’ ಹೋಗಿ ‘ಸಹಾಯದನ’ ಆಯಿತು

ಹೈನುಗಾರಿಕೆಯ ಒಂದು ಸಂದರ್ಶನಕ್ಕೆ ಲೋವರ್ ಥರ್ಡ್ ಮಾಡಿದ್ದೆ. ಅದೇ, ಮಾತಾಡುವವರ ಎದೆಯ ಹತ್ತಿರ ಬರುವ ಹೆಸರಿನ ಪಟ್ಟಿ. ಅಧಿಕಾರಿಯೊಬ್ಬರ ಹೆಸರಿನ ಕೆಳಗೆ ‘ಸಹಾಯಧನ ವಿಭಾಗ’ ಎಂದಿತ್ತು. ವಿಡಿಯೊ ಹೊರಬಿದ್ದ ದಿನವೇ ನಮ್ಮ ಕ್ಯಾಮೆರಾಮನ್ ಫೋನ್ ಮಾಡಿದರು. ‘ಏನ್ರೀ, ಸಹಾಯದನ ಅಂತ ಹಾಕಿದೀರಾ? ಹಸುನಾ, ಎಮ್ಮೆನಾ?’

ನನ್ನ ಮಾನಿಟರ್‌ನಲ್ಲಿ ‘ಧ’ ಸರಿಯಾಗೇ ಇತ್ತು. ಫೋನ್ ತೆಗೆದು, ನಿಲ್ಲಿಸಿ ಹಿಡಿದು, ಸ್ಕೇಲ್ ಇಟ್ಟು ಅಳೆದೆ. ಅಡ್ಡ ವಿಡಿಯೊದ 1920 ಪಿಕ್ಸೆಲ್ ಅಗಲವೆಲ್ಲ ಆರೂವರೆ ಸೆಂಟಿಮೀಟರ್‌ನಲ್ಲಿ ಕೂತಿತ್ತು. ಅಂದರೆ ಒಂದು ಮಿಲಿಮೀಟರ್‌ಗೆ ಸುಮಾರು 30 ಪಿಕ್ಸೆಲ್. ನಾನು ಇಟ್ಟಿದ್ದ ಅಕ್ಷರದ ಸೈಜ್ 36. ಮೇಲಿನ ಗುಡಿಸು, ಕೆಳಗಿನ ಒತ್ತು ಎಲ್ಲಕ್ಕೂ ಸೇರಿ ಒಂದೂಕಾಲು ಮಿಲಿಮೀಟರ್ ಅಷ್ಟೇ!

ಸೈಜನ್ನು 60 ಮಾಡಿದೆ, ಹೆಸರಿಗೆ 84. ಆದರೂ 360ಪಿಯಲ್ಲಿ ನೋಡಿದರೆ ದನ ದನವಾಗಿಯೇ ಉಳಿದಿತ್ತು. ಅಲ್ಲಿ ಪ್ರತಿ ಗೆರೆಯೂ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ನಿಜ. ಆದರೆ ಅಸಲಿ ತಪ್ಪು ನನ್ನದೇ. ಎದ್ದು ಕಾಣಲಿ ಅಂತ ದಪ್ಪ ಬೋಲ್ಡ್ ಹಾಕಿ, ಸುತ್ತಲೂ 4 ಪಿಕ್ಸೆಲ್ ಕಪ್ಪು ಸ್ಟ್ರೋಕ್ ಬಳಿದಿದ್ದೆ. ದ-ಧ, ಡ-ಢ ಇವುಗಳ ನಡುವೆ ಇರುವುದು ಹೊಟ್ಟೆಯಲ್ಲಿನ ಒಂದು ಸೀಳು ಮಾತ್ರ. ಅಕ್ಷರ ದಪ್ಪವಾದಷ್ಟೂ ಅದು ಮುಚ್ಚಿಕೊಳ್ಳುತ್ತದೆ, ಉಳಿದದ್ದನ್ನು ಸ್ಟ್ರೋಕ್ ತುಂಬಿಬಿಡುತ್ತದೆ. ಸ್ಟ್ರೋಕ್ ಪೂರ್ತಿ ತೆಗೆದೆ, ಬೋಲ್ಡ್ ಬದಲು ಸೆಮಿಬೋಲ್ಡ್ ಮಾಡಿದೆ, ಹಿಂದೆ ಗಾಢ ನೀಲಿ ಪಟ್ಟಿ ಕೊಟ್ಟೆ. ಸೀಳು ಕಾಣಿಸಿತು.

ಆಮೇಲೆ ಇನ್ನೊಂದು ತಲೆನೋವು. ನಮ್ಮ ಟೆಂಪ್ಲೇಟ್ ಇಂಗ್ಲಿಷ್ ಹೆಸರು ಇಟ್ಟುಕೊಂಡು ಮಾಡಿದ್ದು. ಕನ್ನಡದಲ್ಲಿ ಹೆಸರಿನ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತಿತ್ತು. ಒಂದೇ ಒತ್ತು ಇದ್ದರೆ ಪರವಾಗಿಲ್ಲ, ‘ಲಕ್ಷ್ಮೀ’ ಬಂದರೆ ಎರಡು ಒತ್ತು, ಮೇಲೆ ಗುಡಿಸು ಬೇರೆ. ಈಗ ಹೊಸ ಪಟ್ಟಿ ಮಾಡುವಾಗ ಎರಡೂ ಸಾಲಿಗೆ ಮೊದಲು ‘ಲಕ್ಷ್ಮೀ’ ಮತ್ತು ‘ರಾಷ್ಟ್ರೀಯ’ ಟೈಪ್ ಮಾಡುತ್ತೇನೆ. ಅವು ಒಂದಕ್ಕೊಂದು ತಾಗದೆ ಕೂತರೆ ಮಾತ್ರ ಪಟ್ಟಿಯ ಎತ್ತರ ಸರಿ. ಅಷ್ಟು ಜಾಗ ಕೊಟ್ಟಾಗ ಉದ್ದದ ಹುದ್ದೆಗಳು ಹಿಡಿಸುವುದಿಲ್ಲ. ಪೂರ್ತಿ ಹುದ್ದೆಯನ್ನು ನಿರೂಪಕರೇ ಮಾತಿನಲ್ಲಿ ಹೇಳಲಿ ಎಂದು ಬಿಟ್ಟುಬಿಟ್ಟೆವು.

ಟೈಟಲ್ ಕಾರ್ಡ್‌ನಲ್ಲಿ ಸೈಜ್ ದೊಡ್ಡದೇ ಇತ್ತು, ಕೈಕೊಟ್ಟಿದ್ದು ಬಣ್ಣ. ಹಸಿರು ಹುಲ್ಲಿನ ಮೇಲೆ ಕೆಂಪು ಅಕ್ಷರ. ಎಕ್ಸ್‌ಪೋರ್ಟ್ ಆಗುವಾಗ ಸಾಮಾನ್ಯವಾಗಿ ಬೆಳಕಿನ ವಿವರ ಪೂರ್ತಿ ಉಳಿಯುತ್ತದೆ. ಬಣ್ಣದ ವಿವರ ಮಾತ್ರ ಅಡ್ಡಕ್ಕೂ ಉದ್ದಕ್ಕೂ ಅರ್ಧರ್ಧವಾಗುತ್ತದೆ. ಬಣ್ಣದಿಂದಷ್ಟೇ ಬೇರೆ ಕಾಣುವ ಅಕ್ಷರದ ಅಂಚು ಅಲ್ಲೇ ಕದಡುತ್ತದೆ. ಕಾರ್ಡನ್ನು ಕಪ್ಪು-ಬಿಳುಪು ಮಾಡಿ ನೋಡಿದೆ. ಹುಲ್ಲೂ ಅಕ್ಷರವೂ ಒಂದೇ ಬೂದು. ಹುಲ್ಲನ್ನು ಕತ್ತಲು ಮಾಡಿ, ಅಕ್ಷರಕ್ಕೆ ತಿಳಿ ಹಳದಿ ಹಾಕಿ, ಈ ಸಲ ಮೊದಲು ಕ್ಯಾಮೆರಾಮನ್ ಫೋನಿಗೇ ಕಳಿಸಿದೆ.