ಮದುವೆ ವಿಡಿಯೊ ಕೆಲಸ: ಅಕ್ಷತೆ ನೋಡಿ ಕ್ರಮ ಹಿಡಿದದ್ದು

ಅಕ್ಕನ ಮಗಳ ಮದುವೆ ತೀರ್ಥಹಳ್ಳಿ ಹತ್ತಿರದ ಅವರ ಮನೆಯಂಗಳದಲ್ಲೇ ಆಯಿತು. ಸ್ಟ್ಯಾಂಡಿನ ಮೇಲೊಂದು ಕ್ಯಾಮೆರಾ, ಕೈಯಲ್ಲೊಂದು. ಎರಡೂ ಸೇರಿ 6 ಗಂಟೆಗೂ ಜಾಸ್ತಿ ರೆಕಾರ್ಡಿಂಗ್ ಇದೆ. ಅದರಲ್ಲಿ 5 ನಿಮಿಷ ಉಳಿಸಬೇಕು.

ಜೋಡಿಸುವ ಕೆಲಸ ಮುಗಿದಿದೆ. ಎರಡು ಕ್ಯಾಮೆರಾಗಳ ಗಡಿಯಾರ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಹಾಗಾಗಿ ವಿಡಿಯೊ ಎಡಿಟಿಂಗ್ ತಂತ್ರಾಂಶ Kdenlive‌ನಲ್ಲಿ ಸ್ಟ್ಯಾಂಡಿನ ಕ್ಯಾಮೆರಾದ ಧ್ವನಿಗೆ `Set Audio Reference` ಕೊಟ್ಟು, ಇನ್ನೊಂದನ್ನು `Align Audio to Reference` ಮಾಡಿದೆ. ಓಲಗದ ಸದ್ದು ಎರಡರಲ್ಲೂ ಜೋರಾಗಿ ಇದ್ದದ್ದು ಅನುಕೂಲವಾಯಿತು.

ಈಗ ಕ್ರಮದ ಕೆಲಸ. ಅಂತರಪಟದ ಹಿಂದೆ ಕಾಯುವ ಮುಖವಾಗಿ ಬಳಸಲು ಹುಡುಗಿ ನಗುವ ಒಂದು ಚೆಂದದ ತುಣುಕು ಸಿಕ್ಕಿತು. ಹಿಗ್ಗಿಸಿ ನೋಡಿದರೆ ಕೂದಲಲ್ಲಿ ಅಕ್ಷತೆ, ಕೊರಳಲ್ಲಿ ತಾಳಿ! ಮನೆ ಹೆಂಗಸರು ಅದನ್ನು ಮೊದಲ ಸಲಕ್ಕೇ ಹಿಡಿಯುತ್ತಾರೆ. ಅದಕ್ಕೇ ಮದುಮಕ್ಕಳ ತುಣುಕುಗಳನ್ನೆಲ್ಲ ತಾಳಿಗೆ ಮುಂಚಿನವು, ತಾಳಿಯಾದ ಮೇಲಿನವು ಎಂದು ಎರಡು ಫೋಲ್ಡರಿಗೆ ಹಾಕಿದೆ. ಇವು ಗಡಿ ದಾಟುವ ಹಾಗಿಲ್ಲ. ನೆಂಟರ ಮುಖಗಳಿಗೆ ಆ ಕಟ್ಟಿಲ್ಲ, ಕೈಯಲ್ಲಿ ಅಕ್ಷತೆ ಕಾಣದಿದ್ದರೆ ಎಲ್ಲಿ ಬೇಕಾದರೂ ಕೂರುತ್ತವೆ.

ನಡುವಿನ ಭಾಗ ಹೀಗೆ ನಿಂತಿದೆ. ಅಂತರಪಟಕ್ಕೆ 12 ಸೆಕೆಂಡ್, ಹಿನ್ನೆಲೆ ಸಂಗೀತ ಇಲ್ಲ. ಮಂತ್ರದ ಧ್ವನಿ ಸ್ಟ್ಯಾಂಡಿನ ಕ್ಯಾಮೆರಾದ್ದೇ, ಎಲ್ಲೂ ಕತ್ತರಿಸಿಲ್ಲ. ಮೇಲೆ ಚಿತ್ರ ಮಾತ್ರ ಬದಲಾಗುತ್ತದೆ: ಹುಡುಗಿಯ ಬೆರಳು, ಹುಡುಗನ ಬಗ್ಗಿದ ತಲೆ, ಭಾವನ ಮುಖ. ಪಟ ಸರಿಯುತ್ತದೆ, ಜೀರಿಗೆ ಬೆಲ್ಲ, ಹಾರ. ಅಲ್ಲಿಂದ ನೇರ ತಾಳಿಗೆ ಹಾರಿಸಿದ್ದೆ. ಅಕ್ಕ ನೋಡಿ, "ಧಾರೆ ಎರೆಯದೇ ತಾಳಿ ಕಟ್ಟಿಸಿಬಿಟ್ಯಲ್ಲೋ" ಅಂದಳು. ಸರಿಯಾದ ಮಾತೇ. ಕೈಗಳ ಮೇಲೆ ನೀರು ಬೀಳುವ 4 ಸೆಕೆಂಡ್ ಸೇರಿಸಿದೆ. ಗಟ್ಟಿಮೇಳದ ಸದ್ದನ್ನು ಆ ನೀರಿನ ಕೊನೆಯ ಸೆಕೆಂಡಿಗೇ ಶುರು ಮಾಡಿ, ಆಮೇಲೆ ತಾಳಿಯ ಚಿತ್ರ ತಂದೆ. ಈಗ ಆ ಹಾರಿಕೆ ಕಣ್ಣಿಗೆ ಬೀಳುವುದಿಲ್ಲ.

ದೊಡ್ಡ ಕಾಟ ಮಳೆಯದ್ದು. ಚಪ್ಪರಕ್ಕೆ ತಗಡಿನ ಶೀಟು ಹಾಕಿಸಿದ್ದರು. ಒಂದು ತುಣುಕಿನಲ್ಲಿ ಧೋ ಎನ್ನುವ ಸದ್ದು, ಮುಂದಿನದರಲ್ಲಿ ಮೌನ. ಪ್ರತಿ ಕತ್ತರಿಯೂ ಕಿವಿಗೆ ಬಡಿಯುತ್ತಿತ್ತು. ಮಾತಿಲ್ಲದ ಒಂದು ನಿಮಿಷದ ಮಳೆ ಸದ್ದು ಹುಡುಕಿ, ಆ ಇಡೀ ಭಾಗದ ಅಡಿಗೆ ಸಣ್ಣಗೆ ಹಾಸಿದೆ. ತುಣುಕುಗಳ ಅಂಚಿಗೆ ಅರ್ಧ ಸೆಕೆಂಡಿನ ಫೇಡ್ ಕೊಟ್ಟೆ. ಮಳೆಯನ್ನು ಅಳಿಸಲು ಹೋದರೆ ಮಂತ್ರವೂ ಡಬ್ಬದೊಳಗಿನ ದನಿಯಾಗುತ್ತದೆ.

ಆರತಕ್ಷತೆಯ ಸಾಲು 15 ಸೆಕೆಂಡಿಗೆ ಇಳಿದಿದೆ, ಅಷ್ಟು ಸಾಕು. ಸ್ಲೋ ಮೋಷನ್ ಹಾರಕ್ಕೆ ಮಾತ್ರ: ಕೈ ಕ್ಯಾಮೆರಾ ಅದನ್ನು ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದಿತ್ತು, 25ರ ಟೈಮ್‌ಲೈನ್‌ನಲ್ಲಿ ಅರ್ಧ ವೇಗ ನುಣುಪಾಗಿ ಬರುತ್ತದೆ. ಉಳಿದವು 25ರಲ್ಲೇ ಇವೆ, ನಿಧಾನ ಮಾಡಿದರೆ ಎಳೆದೆಳೆದು ಓಡುತ್ತವೆ.

ಬಾಕಿ ಇರುವುದು ಹೆಣ್ಣೊಪ್ಪಿಸುವುದು. ಅದು ಯಾರದೋ ಫೋನಿನಲ್ಲಿ ಉದ್ದುದ್ದಕ್ಕೆ ತೆಗೆದದ್ದು. ಅಡ್ಡ ಚೌಕಟ್ಟು ತುಂಬಿಸಲು ಹೋದರೆ ಅಕ್ಕನ ತಲೆ ಇಲ್ಲವೇ ಮಗಳ ಕೈ ಕಟ್ ಆಗುತ್ತದೆ. ಎರಡೂ ಬೇಕು, ಆದ್ದರಿಂದ ಪಕ್ಕದಲ್ಲಿ ಕಪ್ಪು ಬಿಟ್ಟು ಹಾಗೇ ಇಡುತ್ತೇನೆ.